‘ಬಾಕಿ’ ಅಂದರೆ ಏನು? ಸೈಟ್ ಬಿಡುವ ಇಂಜಿನಿಯರ್‌ನ ಹ್ಯಾಂಡೋವರ್ ನೋಟ್

ಪ್ರಶ್ನೆ: ಸರ್, ನಾನು ದಾವಣಗೆರೆಯ ಒಂದು ಅಪಾರ್ಟ್‌ಮೆಂಟ್ ಸೈಟ್‌ನಲ್ಲಿ ಇಂಜಿನಿಯರ್. ಗ್ರೌಂಡ್ ಪ್ಲಸ್ ಮೂರು ಮಹಡಿ. ಮಾರ್ಚ್ 6ಕ್ಕೆ ಮೂರನೇ ಸ್ಲ್ಯಾಬ್ ಹಾಕಿದ್ದೇವೆ. ಮಾರ್ಚ್ 18 ನನ್ನ ಕೊನೆಯ ದಿನ. ಹೊಸ ಇಂಜಿನಿಯರ್‌ಗೆ ಬಾಕಿ ಕೆಲಸದ ನೋಟ್ ಬರೆದುಕೊಡಿ ಅಂದಿದ್ದಾರೆ. ಒಂದು ಪುಟದ ಪಟ್ಟಿ ಮಾಡಿದ್ದೇನೆ, ಸಾಕಾ? ಎರಡು ಕಾಲಂನ ಕ್ಯೂಬ್ ಕಡಿಮೆ ಬಂದಿದೆ. ಮಾಲೀಕರ ಬಾಯಿಮಾತಿಗೆ ಒಂದು ಗೋಡೆಯನ್ನೂ ಸರಿಸಿದ್ದೇವೆ. ಇವನ್ನೆಲ್ಲ ಬರೆದರೆ ನನ್ನ ಮೇಲೇ ಬರುತ್ತಾ? ಪಟ್ಟಿ, ಡ್ರಾಯಿಂಗ್, ಕ್ಯೂಬ್ ವರದಿ ಜೊತೆಗಿಟ್ಟಿದ್ದೇನೆ.

ಉತ್ತರ: ನಿಮ್ಮ ಪಟ್ಟಿಯ ನಾಲ್ಕನೇ ಸಾಲು ಓದಿದಾಗ ನನಗೆ ಎದೆ ಝಲ್ಲೆಂದಿತು. ‘3ನೇ ಸ್ಲ್ಯಾಬ್ ಸೆಂಟ್ರಿಂಗ್ ಬಿಚ್ಚುವುದು – ಬಾಕಿ’ ಎಂದು ಬರೆದಿದ್ದೀರಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಕೈಗೂ ಹೆಚ್ಚೂಕಡಿಮೆ ಇದೇ ಸಾಲು ಬಂದಿತ್ತು. ನನಗಿಂತ ಮೊದಲಿದ್ದವರು ಬರೆದಿಟ್ಟು ಹೋಗಿದ್ದರು. ಬಾಕಿ ಅಂದರೆ ಟೈಮ್ ಆಗಿದೆ, ಯಾರೂ ಮಾಡಿಲ್ಲ ಅಂತ ನಾನು ಅಂದುಕೊಂಡೆ. ಮೇಸ್ತ್ರಿಗೆ ಹೇಳಿ ಬಿಚ್ಚಿಸಿದೆ. ಕಾಂಕ್ರೀಟ್ ಹಾಕಿ ಅವತ್ತಿಗೆ ಹನ್ನೆರಡೇ ದಿನ ಆಗಿತ್ತು. ಆರೂವರೆ ಮೀಟರ್ ಉದ್ದದ ಬೀಮ್‌ನ ನಡುವೆ, ತಳದಲ್ಲಿ, ಕೂದಲೆಳೆಯಂಥ ಬಿರುಕುಗಳು ಕಂಡವು. ಬೀಮ್ 9 ಮಿ.ಮೀ. ಇಳಿದಿತ್ತು. ಓಡಿಹೋಗಿ ಪ್ರಾಪ್ ಮತ್ತೆ ಕೊಟ್ಟೆವು. ಆದರೆ ಒಮ್ಮೆ ಇಳಿದ ಬೀಮನ್ನು ಪ್ರಾಪ್ ತಿರುಗಿಸಿ ಮೇಲಕ್ಕೆತ್ತಲು ಆಗುವುದಿಲ್ಲ, ಎತ್ತಲೂ ಬಾರದು. ಎತ್ತಿದರೆ ಮೇಲ್ಭಾಗದಲ್ಲಿ ಬಿರುಕು ಬರುತ್ತದೆ. ಆ ಬೀಮ್ ಈಗಲೂ ಹಾಗೇ ಇದೆ, ಪ್ಲಾಸ್ಟರ್ ಒಳಗೆ.

ಬರೆದವರು ಸುಳ್ಳು ಬರೆದಿರಲಿಲ್ಲ. ಕೆಲಸ ನಿಜವಾಗಿಯೂ ಬಾಕಿ ಇತ್ತು. ಆದರೆ ಸೈಟ್‌ನಲ್ಲಿ ಕೆಲಸ ಬಾಕಿ ಉಳಿಯುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರುತ್ತವೆ. ಒಂದು, ಮಾಡಬೇಕಿತ್ತು, ಆಗಿಲ್ಲ. ಎರಡು, ದಿನ ತುಂಬಿಲ್ಲ, ಈಗ ಮಾಡಲೇಬಾರದು. ಮೂರು, ಯಾರದೋ ತೀರ್ಮಾನಕ್ಕೆ ಕಾಯುತ್ತಿದ್ದೇವೆ. ನಿಮ್ಮ ಪಟ್ಟಿಯಲ್ಲಿ ಮೂವತ್ತೊಂದು ಸಾಲುಗಳಿವೆ. ಹೆಚ್ಚಿನವುಗಳ ಕೊನೆಯಲ್ಲಿ ಒಂದೇ ಪದ, ‘ಬಾಕಿ’. ಹೊಸಬರಿಗೆ ಯಾವುದು ಯಾವ ಜಾತಿಯ ಬಾಕಿ ಅಂತ ಗೊತ್ತಾಗುವುದು ಹೇಗೆ ಹೇಳಿ?

ಮೊದಲ ಜಾತಿಯದ್ದಕ್ಕೆ ಜಾಸ್ತಿ ಬರೆಯಬೇಡಿ. ಮೊದಲ ಮಹಡಿಯ ಒಳಗಿನ ಪ್ಲಾಸ್ಟರ್ ಎರಡು ಮನೆಗೆ ಆಗಿಲ್ಲ, ಮೆಟ್ಟಿಲಿನ ರೇಲಿಂಗ್ ಬಂದಿಲ್ಲ. ಇವು ಸೈಟ್ ಒಂದು ಸುತ್ತು ಹಾಕಿದರೆ ಕಣ್ಣಿಗೇ ಕಾಣುತ್ತವೆ. ಒಂದೊಂದು ಸಾಲು ಸಾಕು. ನಿಮ್ಮ ಪಟ್ಟಿಯ ಇಪ್ಪತ್ತು ಸಾಲುಗಳಾದರೂ ಇಂಥವು. ಕಣ್ಣಿಗೆ ಕಾಣದೆ ಉಳಿಯುವುದು ಎರಡನೆಯದು ಮತ್ತು ಮೂರನೆಯದು. ನೋಟ್ ಬೇಕಾಗಿರುವುದೇ ಅವಕ್ಕೆ.

ಮೊದಲು ಸೆಂಟ್ರಿಂಗ್ ವಿಷಯ. ಇಲ್ಲಿ ದಿನಾಂಕಗಳನ್ನು ನೀವೇ ಲೆಕ್ಕ ಹಾಕಿ ಕೊಡಬೇಕು. ‘ಐಎಸ್ 456 ಪ್ರಕಾರ ಬಿಚ್ಚುವುದು’ ಎಂದು ಬರೆದು ಬಿಡಬೇಡಿ. ಆ ಪುಸ್ತಕ ಅವರ ಹತ್ತಿರವೂ ಇದೆ. ಯಾವ ಪ್ಯಾನಲ್‌ಗೆ ಯಾವ ಸಾಲು ಅನ್ವಯಿಸುತ್ತದೆ ಅನ್ನುವುದು ನಿಮ್ಮ ತಲೆಯಲ್ಲಿದೆ. ನಿಮ್ಮ ಡ್ರಾಯಿಂಗ್ ನೋಡಿದೆ. ಮಲಗುವ ಕೋಣೆಗಳ ಸ್ಲ್ಯಾಬ್ 4.2 ಮೀಟರ್ ಅಗಲ. ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬ್‌ನ ಪ್ರಾಪ್‌ಗೆ ಕನಿಷ್ಠ 7 ದಿನ, ಅಂದರೆ ಮಾರ್ಚ್ 13. ಹಾಲ್ 5.1 ಮೀಟರ್ ಇದೆ, ಅದಕ್ಕೆ 14 ದಿನ, ಮಾರ್ಚ್ 20. ಆರು ಮೀಟರ್‌ವರೆಗಿನ ಬೀಮ್‌ಗಳಿಗೂ 14 ದಿನ. ಹಾಲ್ ಪಕ್ಕದ ಬೀಮ್ 6.4 ಮೀಟರ್, ಅದಕ್ಕೆ 21 ದಿನ, ಮಾರ್ಚ್ 27. ಒಂದೇ ದಿನ ಹಾಕಿದ ಒಂದೇ ಸ್ಲ್ಯಾಬ್‌ಗೆ ಮೂರು ದಿನಾಂಕ ಬಂತು ನೋಡಿ. ‘ಬಾಕಿ’ ಎಂಬ ಒಂದು ಪದದೊಳಗೆ ಈ ಮೂರೂ ಕಳೆದುಹೋಗಿದ್ದವು.

ಇನ್ನೊಂದು ಮಾತು ಸೇರಿಸಿ. ಈ ದಿನಗಳು ಸಾಮಾನ್ಯ ಓಪಿಸಿ ಸಿಮೆಂಟ್‌ಗೆ ಹೇಳಿದವು. ನೀವು ಹಾಕಿರುವುದು ಪಿಪಿಸಿ. ಅದು ಶುರುವಿನಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ಬೇರೆ ಸಿಮೆಂಟ್ ಆದರೆ ದಿನಗಳನ್ನು ತಕ್ಕಂತೆ ಬದಲಿಸಿಕೊಳ್ಳಿ ಎಂದು ಐಎಸ್ 456 ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಆದ್ದರಿಂದ ಅದು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಬೇಕಾದ ಮಾತು. ಬಾಲ್ಕನಿಯನ್ನು ಬೇರೆಯಾಗಿಯೇ ಬರೆಯಿರಿ. ಅದು ಒಂದೇ ಕಡೆ ಹಿಡಿತ ಇರುವ ಸ್ಲ್ಯಾಬ್. ಪ್ರಾಪ್ ತೆಗೆಯುವಾಗ ಹೊರಗಿನ ತುದಿಯಿಂದ ಶುರುಮಾಡಿ ಗೋಡೆಯ ಕಡೆಗೆ ಬರಬೇಕು. ಗೋಡೆ ಕಡೆಯಿಂದ ತೆಗೆಯುತ್ತಾ ಹೋದರೆ ತುದಿಯ ಪ್ರಾಪ್ ಮೇಲೆ ಭಾರ ಬಿದ್ದು, ಡಿಸೈನ್‌ನಲ್ಲಿ ಇಲ್ಲದ ಕಡೆ ಸ್ಲ್ಯಾಬ್ ಬಗ್ಗುತ್ತದೆ. ಅಲ್ಲಿ ತಳಕ್ಕೆ ಕಬ್ಬಿಣವೇ ಸರಿಯಾಗಿ ಇರುವುದಿಲ್ಲ.

ನಾನಾಗಿದ್ದರೆ ಆ ಸಾಲನ್ನು ಹೀಗೆ ಬರೆಯುತ್ತಿದ್ದೆ:

‘ಮೂರನೇ ಸ್ಲ್ಯಾಬ್. ಕಾಂಕ್ರೀಟ್ ಹಾಕಿದ್ದು ಮಾರ್ಚ್ 6, ಎಂ 25, ಪಿಪಿಸಿ, 42 ಘನ ಮೀಟರ್. ಈವರೆಗೆ ಒಂದು ಪ್ರಾಪ್ ಕೂಡ ತೆಗೆದಿಲ್ಲ. ಮಲಗುವ ಕೋಣೆಗಳಿಗೆ ಮಾರ್ಚ್ 13ರ ಮೊದಲು, ಹಾಲ್ ಮತ್ತು ಸಣ್ಣ ಬೀಮ್‌ಗಳಿಗೆ ಮಾರ್ಚ್ 20ರ ಮೊದಲು, 6.4 ಮೀಟರ್ ಬೀಮ್‌ಗೆ ಮಾರ್ಚ್ 27ರ ಮೊದಲು ಕೈ ಹಾಕಬಾರದು. ಪಿಪಿಸಿ ಆಗಿರುವುದರಿಂದ ಆ ದಿನಗಳ ನಂತರವೂ ಸ್ಟ್ರಕ್ಚರಲ್ ಇಂಜಿನಿಯರ್ ಲಿಖಿತವಾಗಿ ಹೇಳಿದ ಮೇಲೆಯೇ ತೆಗೆಯಬೇಕು. ಬಾಲ್ಕನಿ ಪ್ರಾಪ್ ತೆಗೆಯುವ ದಿನವನ್ನೂ ಅವರೇ ಹೇಳಬೇಕು, ತುದಿಯಿಂದ ಒಳಕ್ಕೆ ತೆಗೆಯುವುದು. ಮೇಸ್ತ್ರಿ ಪ್ಲೇಟ್‌ಗಳನ್ನು ಬೇರೆ ಸೈಟ್‌ಗೆ ಕೊಡಬೇಕೆಂದು ಎರಡು ಸಲ ಕೇಳಿದ್ದಾರೆ, ಮತ್ತೆ ಕೇಳುತ್ತಾರೆ. ಕ್ಯೂರಿಂಗ್ ನೀರು ಸ್ಲ್ಯಾಬ್ ಮೇಲೆ ಮಾರ್ಚ್ 20ರ ತನಕ ನಿಂತಿರಬೇಕು.’

ಮೇಸ್ತ್ರಿಯ ಮಾತು ಯಾಕೆ ಬರೆಯಬೇಕು ಅಂತ ನಿಮಗೆ ಅನ್ನಿಸಬಹುದು. ಒತ್ತಡ ಎಲ್ಲಿಂದ ಬರುತ್ತದೆ ಎಂದು ಹೊಸಬರಿಗೆ ಮೊದಲೇ ಗೊತ್ತಿರಬೇಕು. ‘ಹಳೇ ಸಾರ್ ಬಿಚ್ಚಿ ಅಂದಿದ್ರು’ ಎಂದು ಯಾರಾದರೂ ಬಂದು ಹೇಳಿದಾಗ ಅವರ ಕೈಯಲ್ಲಿ ನಿಮ್ಮ ಬರಹ ಇರಬೇಕು. ನೀರಿನ ದಿನಾಂಕವೂ ಅಷ್ಟೇ. ಪಿಪಿಸಿಗೆ ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಕ್ಯೂರಿಂಗ್ ಬೇಕು. ದಾವಣಗೆರೆಯ ಮಾರ್ಚ್ ಬಿಸಿಲಿಗೆ 14 ದಿನಕ್ಕಿಂತ ಕಡಿಮೆ ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ನೀವು 18ಕ್ಕೆ ಹೊರಟರೆ, ಕೊನೆಯ ಎರಡು ದಿನ ಟ್ಯಾಂಕರ್‌ಗೆ ಫೋನ್ ಮಾಡುವವರು ಯಾರು? ಅದನ್ನೂ ಬರೆಯಿರಿ.

ಹಾಗೇ ಇದೇ ಸ್ಲ್ಯಾಬ್‌ನ 28 ದಿನದ ಕ್ಯೂಬ್‌ಗಳು ಏಪ್ರಿಲ್ 3ಕ್ಕೆ ಪರೀಕ್ಷೆಗೆ ಬರುತ್ತವೆ. 42 ಘನ ಮೀಟರ್‌ಗೆ ನಾಲ್ಕು ಸ್ಯಾಂಪಲ್, ತಲಾ ಮೂರರಂತೆ ಹನ್ನೆರಡು ಕ್ಯೂಬ್ ನೀರಿನ ತೊಟ್ಟಿಯಲ್ಲಿ ಇರಬೇಕು. ಅವುಗಳ ಮೇಲೆ ಬರೆದ ನಂಬರ್‌ಗಳನ್ನು ನೋಟ್‌ನಲ್ಲಿ ಬರೆದು, ಹೊಸಬರ ಎದುರೇ ಎಣಿಸಿ. ತೊಟ್ಟಿಯಲ್ಲಿ ಬಣ್ಣ ಅಳಿಸಿದ ಕ್ಯೂಬ್ ಸಿಕ್ಕರೆ ಅದು ಯಾವ ಸ್ಲ್ಯಾಬ್‌ನದ್ದು ಎಂದು ಹೇಳಬಲ್ಲವರು ನೀವೊಬ್ಬರೇ.

ಈಗ ನೀವು ಹೆದರಿರುವ ವಿಷಯಕ್ಕೆ ಬರೋಣ. ಎರಡನೇ ಮಹಡಿಯ ಸಿ-7 ಮತ್ತು ಸಿ-8 ಕಾಲಂಗಳು. ಫೆಬ್ರವರಿ 9ಕ್ಕೆ ಹಾಕಿದ್ದು, ಮಾರ್ಚ್ 9ಕ್ಕೆ ವರದಿ ಬಂದಿದೆ. ಮೂರು ಕ್ಯೂಬ್ 20.4, 21.6, 21.9. ಸರಾಸರಿ 21.3. ಎಂ 25 ಕಾಂಕ್ರೀಟ್‌ನ ಒಂದೊಂದು ಪರೀಕ್ಷೆಯ ಫಲಿತಾಂಶವೂ ಕನಿಷ್ಠ 22 ಇರಬೇಕು. ಅಂದರೆ ಇದು ಸ್ವಲ್ಪದರಲ್ಲಿ ತಪ್ಪಿದೆ, ಆದರೆ ತಪ್ಪಿರುವುದು ನಿಜ. ನಿಮ್ಮ ಪಟ್ಟಿಯಲ್ಲಿ ಇದರ ಬಗ್ಗೆ ಇರುವುದು ‘ಕ್ಯೂಬ್ ವರದಿ – ಫಾಲೋಅಪ್ ಬಾಕಿ’ ಎಂಬ ಸಾಲು ಮಾತ್ರ.

ಬರೆದರೆ ನನ್ನ ಮೇಲೆ ಬರುತ್ತಾ ಎಂದು ಕೇಳಿದ್ದೀರಿ. ವರದಿ ಲ್ಯಾಬ್‌ನಲ್ಲೂ ಇದೆ, ಆಫೀಸ್ ಫೈಲ್‌ನಲ್ಲೂ ಇದೆ. ಅದು ಇವತ್ತಲ್ಲ ನಾಳೆ ಯಾರ ಕಣ್ಣಿಗಾದರೂ ಬೀಳುತ್ತದೆ. ಅವತ್ತು ‘ಮಾರ್ಚ್ 9ಕ್ಕೇ ಗೊತ್ತಿತ್ತು, ಹೇಳದೆ ಹೋದ’ ಎಂಬ ಮಾತು ಬರುವುದೇ ನಿಮಗೆ ಕಷ್ಟ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಆ ಎರಡು ಕಾಲಂಗಳ ಮೇಲೆ ಮೂರನೇ ಸ್ಲ್ಯಾಬ್ ಆಗಲೇ ಕೂತಿದೆ. ಹೊಸಬರು ಬಂದ ವಾರದಲ್ಲೇ ಮೇಲಿನ ಕಾಲಂಗಳಿಗೆ ಕಬ್ಬಿಣ ಕಟ್ಟಲು ಶುರುಮಾಡುತ್ತಾರೆ, ನಂತರ ನಾಲ್ಕನೇ ಸ್ಲ್ಯಾಬ್. ಅಷ್ಟು ಭಾರ ಬಂದ ಮೇಲೆ ಕೆಳಗಿನ ಕಾಲಂ ಸರಿಮಾಡುವುದು ತುಂಬಾ ಕಷ್ಟದ ಕೆಲಸ. ಈಗಾದರೆ ಸುಲಭ. ಅದಕ್ಕೇ ಈ ಸಾಲು ನೋಟ್‌ನ ಮೊದಲ ಪುಟದಲ್ಲೇ ಇರಲಿ.

ಬರೆಯುವಾಗ ಒಂದು ಎಚ್ಚರ ಬೇಕು. ನಡೆದದ್ದನ್ನು ಬರೆಯಿರಿ, ನಿಮ್ಮ ಊಹೆ ಬೇಡ. ‘ಆರ್‌ಎಂಸಿಯವರು ನೀರು ಜಾಸ್ತಿ ಹಾಕಿದ್ದರು’ ಎಂದು ಬರೆಯಬೇಡಿ, ನೀವು ನೋಡಿಲ್ಲ. ಕಾಂಕ್ರೀಟ್ ಚೆನ್ನಾಗಿದ್ದು ಕ್ಯೂಬ್ ಮಾಡಿದ್ದೇ ಕೆಟ್ಟದಾಗಿರಬಹುದು. ಸರಿಯಾಗಿ ಕುಟ್ಟದಿದ್ದರೂ, ಮರುದಿನ ನೀರಿಗೆ ಹಾಕದೆ ಬಿಸಿಲಲ್ಲಿ ಬಿಟ್ಟಿದ್ದರೂ ಕಡಿಮೆ ಬರುತ್ತದೆ. ಕಾಲಂ ನಿಜವಾಗಿ ಹೇಗಿದೆ ಎಂದು ತಿಳಿಯಲು ಮೊದಲು ರಿಬೌಂಡ್ ಹ್ಯಾಮರ್ ಹಿಡಿಯುತ್ತಾರೆ. ಅದೇ ದಿನ ಬೇರೆ ಲಾರಿಯಿಂದ ಹಾಕಿದ ಸಿ-6 ನಿಮ್ಮಲ್ಲಿದೆ, ಅದರ ವರದಿ ಪಾಸ್ ಆಗಿದೆ. ಎರಡರ ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅನುಮಾನ ಉಳಿದರೆ ಕೋರ್ ತೆಗೆಯುತ್ತಾರೆ. ಕೋರ್‌ಗಳ ಸರಾಸರಿ ಎಂ 25ರ ಶೇಕಡಾ 85, ಅಂದರೆ 21.25 ಇರಬೇಕು. ಯಾವ ಒಂದು ಕೋರ್ ಕೂಡ ಶೇಕಡಾ 75ಕ್ಕಿಂತ, ಅಂದರೆ 18.75ಕ್ಕಿಂತ ಕೆಳಗಿರಬಾರದು. ಇದನ್ನೆಲ್ಲ ನೋಟ್‌ನಲ್ಲಿ ಪಾಠದಂತೆ ಬರೆಯಬೇಕಿಲ್ಲ. ಇಷ್ಟು ಸಾಕು:

‘ಸಿ-7, ಸಿ-8, ಎರಡನೇ ಮಹಡಿ. ಹಾಕಿದ್ದು ಫೆಬ್ರವರಿ 9, ಎರಡಕ್ಕೂ ಒಂದೇ ಲಾರಿ, ಚಲನ್ ಫೈಲ್‌ನಲ್ಲಿದೆ. 28 ದಿನದ ಸರಾಸರಿ 21.3, ಇರಬೇಕಾದ್ದು 22. ಮಾರ್ಚ್ 9ಕ್ಕೆ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಹೇಳಿದ್ದೇನೆ, ಮಾರ್ಚ್ 10ಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮೇಲ್ ಮಾಡಿದ್ದೇನೆ. ಅವರು ರಿಬೌಂಡ್ ಹ್ಯಾಮರ್ ಪರೀಕ್ಷೆ ಕೇಳಿದ್ದಾರೆ, ಲ್ಯಾಬ್‌ನವರು ಇನ್ನೂ ಬಂದಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಅವರ ಲಿಖಿತ ಉತ್ತರ ಬರುವ ತನಕ ಈ ಕಾಲಂಗಳ ಮೇಲಿನ ಕೆಲಸ ಶುರುಮಾಡಬಾರದು, ಈ ಕಾಲಂಗಳಿಗೆ ಪ್ಲಾಸ್ಟರ್ ಮಾಡಬಾರದು.’

ಪ್ಲಾಸ್ಟರ್ ಮಾತು ಬಿಡಬೇಡಿ. ಹ್ಯಾಮರ್ ಪರೀಕ್ಷೆ ಬರಿಯ ಕಾಂಕ್ರೀಟ್ ಮೇಲೇ ಆಗಬೇಕು. ಗಾರೆಯವರು ಖಾಲಿ ಕೂತಿದ್ದರೆ ಕಣ್ಣಿಗೆ ಬಿದ್ದ ಕಾಲಂಗೆ ಗಾರೆ ಎಳೆದುಬಿಡುತ್ತಾರೆ. ಕಾಲಂ ಮೇಲೆ ಕೆಂಪು ಬಣ್ಣದಲ್ಲಿ ‘ಮುಟ್ಟಬೇಡಿ’ ಎಂದು ನೀವೇ ಬರೆದು ಹೋಗಿ. ನೋಟ್ ಇಂಜಿನಿಯರ್ ಓದುತ್ತಾರೆ, ಕಾಲಂ ಮೇಲಿನದ್ದನ್ನು ಎಲ್ಲರೂ ಓದುತ್ತಾರೆ.

ಅಪಾರ್ಟ್‌ಮೆಂಟ್ ಆದ್ದರಿಂದ ಇನ್ನೊಂದು ಕಾರಣವೂ ಇದೆ. 2016ರ ರೇರಾ ಕಾಯ್ದೆಯ ಪ್ರಕಾರ ಮನೆ ಕೈಗೆ ಕೊಟ್ಟ ಮೇಲೂ 5 ವರ್ಷ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ. ಅಷ್ಟು ವರ್ಷದ ನಂತರ ಯಾರಾದರೂ ಸಿ-7 ಬಗ್ಗೆ ಕೇಳಿದರೆ, ಏನು ಕಂಡಿತು, ಏನು ಪರೀಕ್ಷೆ ಮಾಡಿದರು, ಯಾರು ಒಪ್ಪಿದರು ಎಂಬ ಸರಪಳಿ ನಿಮ್ಮ ಈ ಸಾಲಿನಿಂದಲೇ ಶುರುವಾಗಬೇಕು.

ಮೂರನೆಯದು ಆ ಗೋಡೆ. ಮಾಲೀಕರು ಫೆಬ್ರವರಿ 20ರಂದು ಸೈಟ್‌ಗೆ ಬಂದು, ಮೊದಲ ಮಹಡಿಯ ಅಡುಗೆಮನೆ ದೊಡ್ಡದಾಗಲಿ ಎಂದು 9 ಇಂಚು ಸರಿಸಿ ಅಂದರು. ನೀವು ಒಡೆದು ಮತ್ತೆ ಕಟ್ಟಿಸಿದಿರಿ. ಇದರಲ್ಲಿ ಮೂರು ಗಂಟುಗಳಿವೆ. ನಿಮ್ಮ ಪಟ್ಟಿಯಲ್ಲಿ ಇರುವುದು ‘ಎಕ್ಸ್‌ಟ್ರಾ ಬಿಲ್ ಬಾಕಿ’ ಎಂಬ ಒಂದೇ ಗಂಟು.

ದುಡ್ಡಿನ ಗಂಟು ಚಿಕ್ಕದು. ಗೋಡೆ 4.2 ಮೀಟರ್ ಉದ್ದ, 2.9 ಮೀಟರ್ ಎತ್ತರ, 150 ಮಿ.ಮೀ. ದಪ್ಪ, ಸುಮಾರು 1.83 ಘನ ಮೀಟರ್. ಒಡೆದದ್ದು ಅಷ್ಟು, ಕಟ್ಟಿದ್ದೂ ಅಷ್ಟು. ಕಂಟ್ರಾಕ್ಟರ್ ಎರಡನ್ನೂ ಕೇಳುತ್ತಾರೆ, ಅದು ನ್ಯಾಯ. ಆದರೆ ಹಳೇ ಗೋಡೆ ಈಗ ಇಲ್ಲ. ನೀವು ಹೋದ ಮೇಲೆ ಅದನ್ನು ಅಳೆಯಲು ಯಾರಿಂದಲೂ ಆಗದು. ಹೋಗುವ ಮೊದಲು ಎಂ ಬುಕ್‌ನಲ್ಲಿ ಅಳತೆ ಬರೆದು, ಕಂಟ್ರಾಕ್ಟರ್ ಕಡೆಯವರಿಂದ ಸಹಿ ಹಾಕಿಸಿ. ರೇಟ್ ಆಮೇಲೆ ತೀರ್ಮಾನವಾಗಲಿ, ಅಳತೆ ಈಗಲೇ ಮುಗಿಯಲಿ. ಹೊಸಬರ ತಲೆಗೆ ಕಟ್ಟಬಾರದ ಕೆಲಸ ಅಂದರೆ ಇದೇ.

ಎರಡನೆಯ ಗಂಟು ಡ್ರಾಯಿಂಗ್. ಗೋಡೆ ಸರಿದಿದೆ, ಡ್ರಾಯಿಂಗ್ ಸರಿದಿಲ್ಲ. ಎಲೆಕ್ಟ್ರಿಷಿಯನ್ ಹಳೇ ಡ್ರಾಯಿಂಗ್ ಹಿಡಿದು ಪಾಯಿಂಟ್ ಗುರುತು ಹಾಕುತ್ತಾರೆ, ಟೈಲ್ಸ್‌ನವರು ಹಳೇ ಅಳತೆಗೆ ಕಲ್ಲು ತರಿಸುತ್ತಾರೆ. ಆರ್ಕಿಟೆಕ್ಟ್‌ನಿಂದ ತಿದ್ದಿದ ಡ್ರಾಯಿಂಗ್ ಬರುವ ತನಕ ಆ ಮನೆಯಲ್ಲಿ ಪೈಪ್ ಮತ್ತು ವೈರಿಂಗ್‌ಗೆ ಗೋಡೆ ಕೊರೆಯುವುದು ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಯಾರು, ಯಾವ ದಿನ, ಯಾರ ಎದುರು ಹೇಳಿದರು ಅನ್ನುವುದನ್ನೂ ಬರೆಯಿರಿ. ಸಾಧ್ಯವಾದರೆ ಮಾಲೀಕರಿಗೆ ಇವತ್ತೇ ಒಂದು ಮೇಲ್ ಕಳಿಸಿ: ‘ಫೆಬ್ರವರಿ 20ರಂದು ತಾವು ಹೇಳಿದಂತೆ ಗೋಡೆ ಸರಿಸಲಾಗಿದೆ, ತಿದ್ದಿದ ಡ್ರಾಯಿಂಗ್ ಕೊಡಿಸಬೇಕು.’ ಇದು ಅವರ ಮೇಲೆ ದೂರು ಹೇಳಿದಂತಲ್ಲ, ಬಾಯಿಮಾತನ್ನು ಕಾಗದಕ್ಕೆ ತರುವುದು ಅಷ್ಟೇ.

ಮೂರನೆಯ ಗಂಟು ನಿಮ್ಮ ಗಮನಕ್ಕೇ ಬಂದಿಲ್ಲ ಅನ್ನಿಸುತ್ತದೆ. ಡ್ರಾಯಿಂಗ್ ಪ್ರಕಾರ ಆ ಗೋಡೆಯ ಕೆಳಗೆ 230 ಮಿ.ಮೀ. ಅಗಲದ ಬೀಮ್ ಇದೆ. ಗೋಡೆ 9 ಇಂಚು ಸರಿದರೆ ಬೀಮ್‌ನಿಂದ ಆಚೆಗೆ ಬಂದು ಬರೀ ಸ್ಲ್ಯಾಬ್ ಮೇಲೆ ಕೂರುತ್ತದೆ. ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆ ಇಷ್ಟು ಎತ್ತರಕ್ಕೆ, ಪ್ಲಾಸ್ಟರ್ ಇಲ್ಲದೆಯೇ, ಮೀಟರಿಗೆ ಸುಮಾರು 850 ಕಿಲೊ ತೂಗುತ್ತದೆ. ಬೀಮ್‌ಗೆ ಹತ್ತಿರವೇ ಇರುವುದರಿಂದ ಸ್ಲ್ಯಾಬ್ ತಡೆದುಕೊಳ್ಳಬಹುದು, ಆದರೆ ಅದನ್ನು ಹೇಳಬೇಕಾದವರು ನಾನಲ್ಲ, ನೀವಲ್ಲ. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಈಗಲೇ ಕೇಳಿ. ಉತ್ತರ ಬರುವ ಮೊದಲೇ ನೀವು ಹೊರಟರೆ, ‘ಕೇಳಿದ್ದೇನೆ, ಉತ್ತರ ಬಂದಿಲ್ಲ’ ಎಂದು ನೋಟ್‌ಗೆ ಸೇರಿಸಿ.

ಸ್ಟೋರ್ ಲೆಕ್ಕದ ಬಗ್ಗೆ ಒಂದೇ ಮಾತು. ‘ಕಬ್ಬಿಣ ಸ್ಟಾಕ್ – ರಿಜಿಸ್ಟರ್ ನೋಡಿ’ ಎಂದಿದ್ದೀರಿ. ರಿಜಿಸ್ಟರ್ ಪ್ರಕಾರ 16 ಮಿ.ಮೀ. ಕಬ್ಬಿಣ ಬಂದದ್ದು 8,400 ಕಿಲೊ, ಬಿಬಿಎಸ್ ಪ್ರಕಾರ ಬಳಸಿದ್ದು 7,150. ಉಳಿದಿರಬೇಕಾದ್ದು 1,250. ಯಾರ್ಡ್‌ನಲ್ಲಿ 52 ಪೂರ್ತಿ ರಾಡ್ ಇವೆ ಎಂದು ನೀವೇ ಬರೆದಿದ್ದೀರಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ 1.58 ಕಿಲೊ, 12 ಮೀಟರ್‌ನ ಒಂದು ರಾಡ್‌ಗೆ 18.96, ಒಟ್ಟು 986 ಕಿಲೊ. ವ್ಯತ್ಯಾಸ 264. ಅದರಲ್ಲಿ ತುಂಡುಗಳು 190 ಕಿಲೊ ತೂಗಿವೆ. ಉಳಿದ 74 ಕಿಲೊಗೆ ಲೆಕ್ಕ ಇಲ್ಲ. ಇಷ್ಟು ಟನ್ ಕಬ್ಬಿಣದಲ್ಲಿ ಅದು ದೊಡ್ಡದೇನಲ್ಲ. ಆದರೆ ‘74 ಕಿಲೊ ವ್ಯತ್ಯಾಸ ಇದೆ’ ಎಂದು ಬರೆದು, ಸ್ಟೋರ್‌ಕೀಪರ್ ಮತ್ತು ಹೊಸಬರ ಸಹಿ ಹಾಕಿಸಿ. ಬರೆಯದಿದ್ದರೆ ಮುಂದಿನ ಆರು ತಿಂಗಳಲ್ಲಿ ಕಾಣೆಯಾದ ಕಬ್ಬಿಣವೂ ನಿಮ್ಮ ಕಾಲದ ಲೆಕ್ಕಕ್ಕೇ ಸೇರುತ್ತದೆ.

ನೋಟ್ ಕೊಟ್ಟು ಕೈ ಕುಲುಕಿ ಹೊರಡಬೇಡಿ. ಹೊಸಬರು ಒಂದು ದಿನ ಮೊದಲೇ ಬರುವಂತೆ ಆಫೀಸ್‌ಗೆ ಕೇಳಿ. ಮೂರನೇ ಸ್ಲ್ಯಾಬ್‌ನಿಂದ ಕೆಳಕ್ಕೆ, ನೋಟ್ ಕೈಯಲ್ಲಿ ಹಿಡಿದು ಇಬ್ಬರೂ ನಡೆಯಿರಿ. ಪ್ರತಿ ಸಾಲಿನ ಜಾಗದಲ್ಲಿ ನಿಂತು ಓದಿ. ಅವರು ಕೇಳುವ ಪ್ರಶ್ನೆಯನ್ನು ಅಲ್ಲೇ ಪೆನ್ನಿನಲ್ಲಿ ನೋಟ್‌ಗೆ ಸೇರಿಸಿ. ನಿಮಗೆ ದಿನಾ ನೋಡಿ ರೂಢಿಯಾದದ್ದು ಅವರಿಗೆ ವಿಚಿತ್ರವಾಗಿ ಕಾಣುತ್ತದೆ, ಅಲ್ವಾ? ಆ ಪ್ರಶ್ನೆಗಳೇ ನೀವು ಬರೆಯಲು ಮರೆತ ಸಾಲುಗಳು. ಕೆಳಗೆ ಬಂದಾಗ ಕಬ್ಬಿಣ ಕಟ್ಟುವ ಜಾಗದಲ್ಲಿರುವ ಹಳೇ ಡ್ರಾಯಿಂಗ್ ಪ್ರಿಂಟ್‌ಗಳನ್ನೆಲ್ಲ ಎತ್ತಿಕೊಂಡು ‘ರದ್ದು’ ಎಂದು ಬರೆದುಬಿಡಿ.

ಇನ್ನೊಂದು ಕೆಲಸ ಇದೆ, ಅದನ್ನು ನೋಟ್‌ನಲ್ಲಿ ಬರೆದು ಬಿಡಬೇಡಿ, ನೀವೇ ಮಾಡಿ ಹೋಗಿ. ನಿಮ್ಮ ಪಟ್ಟಿಯ ಹದಿನೇಳನೇ ಸಾಲು ‘ಹಳೇ ಕಾಂಪೌಂಡ್ ಗೋಡೆ ಒಡೆಯುವುದು – ಬಾಕಿ’. ಇಪ್ಪತ್ತಮೂರನೇ ಸಾಲು ‘ಬೆಂಚ್‌ಮಾರ್ಕ್ 100.000, ಹಳೇ ಕಾಂಪೌಂಡ್ ಗೋಡೆ ಮೇಲೆ’. ಎರಡೂ ಒಂದೇ ಗೋಡೆ! ಅದನ್ನು ಒಡೆದ ದಿನ ನಿಮ್ಮ ಕಟ್ಟಡದ ಎಲ್ಲಾ ಲೆವೆಲ್‌ಗಳ ಬೇರು ಹೋಗುತ್ತದೆ. ಮುಂದೆ ಚರಂಡಿ, ಡ್ರೈವ್‌ವೇ, ಸಂಪ್ ಎಲ್ಲಕ್ಕೂ ಅದೇ ಬೇಕು. ಆಟೋ ಲೆವೆಲ್ ತಂದು, ಗೋಡೆಯ ಗುರುತಿನ ಮೇಲೆ ಸ್ಟಾಫ್ ಇಟ್ಟು ಓದಿ. 1.425 ಬಂತು ಅಂದುಕೊಳ್ಳಿ, ಆಗ ಉಪಕರಣದ ಎತ್ತರ 101.425. ಗ್ರೌಂಡ್‌ನಲ್ಲಿ ಒಡೆಯದೆ ಉಳಿಯುವ ಒಂದು ಕಾಲಂ ಮೇಲೆ ಗುರುತು ಮಾಡಿ ಅಲ್ಲಿ ಓದಿ. 0.975 ಬಂದರೆ ಹೊಸ ಗುರುತು 100.450. ಉಪಕರಣವನ್ನು ಬೇರೆ ಜಾಗಕ್ಕೆ ಸರಿಸಿ ಇನ್ನೊಮ್ಮೆ ಓದಿ, 2 ಮಿ.ಮೀ. ಒಳಗೆ ಹೊಂದಬೇಕು. ಎರಡನೇ ಸಲ ಲೆವೆಲ್ ಹಿಂದೆ ಹೊಸಬರೇ ನಿಂತು ಓದಲಿ, ಸ್ಟಾಫ್ ನೀವು ಹಿಡಿಯಿರಿ. ಆಮೇಲೆ ಕಾಲಂ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದು ಅಂಕಿ ಬರೆಯಿರಿ, ಹದಿನೇಳನೇ ಸಾಲಿನ ಮುಂದೆ ‘ಇನ್ನು ಒಡೆಯಬಹುದು’ ಎಂದು ಬರೆದು ಸಹಿ ಹಾಕಿ.